ಓರೆ ನಡಿಗೆಯ ಲೆಕ್ಕ

1993ರಲ್ಲಿ ಬಂದ ‘ಡೂಮ್’ ಗೇಮ್‌ನಲ್ಲಿ ಪಳಗಿದವರಿಗೆ ಒಂದು ಗುಟ್ಟು ಗೊತ್ತಿತ್ತು. ಮುಂದಕ್ಕೆ ಓಡುವ ಕೀ ಜತೆಗೆ ಪಕ್ಕಕ್ಕೆ ಸರಿಯುವ ಕೀಯನ್ನೂ ಒತ್ತಿದರೆ ಓಟ ಇನ್ನಷ್ಟು ಜೋರಾಗುತ್ತಿತ್ತು. ಇದು ಶಾಲೆಯಲ್ಲಿ ಕಲಿತ ಪೈಥಾಗೊರಸ್ ಪ್ರಮೇಯವೇ: ಎರಡೂ ದಿಕ್ಕಿನ ವೇಗ ಸಮವಾಗಿದ್ದರೆ, ಮುಂದಕ್ಕೆ 1, ಬಲಕ್ಕೆ 1 ಸೇರಿ ಓರೆಯಲ್ಲಿ 1.41. ಶೇ 41ರವರೆಗೂ ವೇಗ ಪುಕ್ಕಟೆ!

ಮುಖವನ್ನು ಗುರಿಯತ್ತಲೇ ಇಟ್ಟುಕೊಂಡು ಎಂಟು ದಿಕ್ಕಿಗೂ ಸರಿಯುವುದಕ್ಕೆ ಸ್ಟ್ರೇಫಿಂಗ್ ಎನ್ನುತ್ತಾರೆ. ಅದರಲ್ಲಿ ಈ ಹೆಚ್ಚುವರಿ ವೇಗವನ್ನು ಕತ್ತರಿಸಲು ಯೂನಿಟಿಯಲ್ಲಿ ಒಂದೇ ಸಾಲು ಸಾಕು:

```
move = Vector2.ClampMagnitude(move, 1f);
```

ಉದ್ದವನ್ನು ಯಾವಾಗಲೂ 1ಕ್ಕೇ ಎಳೆಯುವ `normalized` ಇಲ್ಲಿ ಬೇಡ. ಜಾಯ್‌ಸ್ಟಿಕ್ಕನ್ನು ಮೆಲ್ಲಗೆ ತಳ್ಳಿದರೂ ಪಾತ್ರ ಓಡತೊಡಗುತ್ತದೆ.

ವೇಗ ಸರಿಹೋಯಿತು. ಆದರೆ ಈಗ ಓರೆಯಾಗಿ ನಡೆದರೆ ಕಾಲು ಜಾರುತ್ತದೆ! ತಪ್ಪು ಇರುವುದು ಬ್ಲೆಂಡ್ ಸ್ಪೇಸ್‌ನಲ್ಲಿ. ಅದೊಂದು ಚೌಕಾಕಾರದ ನಕ್ಷೆ. ನಡುವೆ ನಿಂತ ಭಂಗಿ, ಸುತ್ತ ಎಂಟು ದಿಕ್ಕಿನ ನಡಿಗೆಯ ಕ್ಲಿಪ್‌ಗಳು. ಪಾತ್ರದ ವೇಗ ನಕ್ಷೆಯಲ್ಲಿ ಎಲ್ಲಿ ಬೀಳುತ್ತದೋ ಅದರ ಅಕ್ಕಪಕ್ಕದ ಕ್ಲಿಪ್‌ಗಳನ್ನು ಎಂಜಿನ್ ಬೆರೆಸುತ್ತದೆ. ಓರೆ ನಡಿಗೆಯ ಕ್ಲಿಪ್ಪನ್ನು ಹೆಚ್ಚಿನವರು ಚೌಕದ ಮೂಲೆಯಲ್ಲಿ, (1, 1)ರಲ್ಲಿ, ಇಟ್ಟುಬಿಡುತ್ತಾರೆ. ನಾವು ವೇಗ ಕತ್ತರಿಸಿದ ಮೇಲೆ ಪಾತ್ರ (0.71, 0.71) ದಾಟುವುದೇ ಇಲ್ಲ. ಹಾಗಾಗಿ ಸುಮಾರು ಶೇ 71 ನಡಿಗೆ, ಶೇ 29 ನಿಂತ ಭಂಗಿ ಬೆರೆತು ಹೆಜ್ಜೆ ಗಿಡ್ಡವಾಗುತ್ತದೆ. ಮೈ ಸೆಕೆಂಡಿಗೆ 3 ಮೀಟರ್ ಸಾಗಿದರೆ ಕಾಲು ಸುಮಾರು 2.1 ಮೀಟರಿನಷ್ಟೇ ಹೆಜ್ಜೆ ಹಾಕುತ್ತದೆ. ಮಿಕ್ಕಿದ್ದೆಲ್ಲ ಜಾರಾಟ. ಕ್ಲಿಪ್ಪನ್ನು (0.71, 0.71)ಕ್ಕೆ ಸರಿಸಿದರೆ ಎಂಟೂ ಕ್ಲಿಪ್‌ಗಳು ಒಂದೇ ವೃತ್ತದ ಮೇಲೆ ಕೂರುತ್ತವೆ, ಹೆಜ್ಜೆಗೂ ಮೈಗೂ ತಾಳ ಕೂಡುತ್ತದೆ. ಎಂಟೂ ಕ್ಲಿಪ್‌ಗಳು ಒಂದೇ ವೇಗದ ನಡಿಗೆಯಾಗಿದ್ದರೆ ಮಾತ್ರ ಈ ಲೆಕ್ಕ.

ಓರೆ ಕ್ಲಿಪ್ ಮಾಡದೆ ಮುಂದಿನದನ್ನೂ ಬಲದ್ದನ್ನೂ ಅರ್ಧರ್ಧ ಬೆರೆಸಿ ಸುಧಾರಿಸುವವರೂ ಇದ್ದಾರೆ. ಅಲ್ಲೂ ಹೆಜ್ಜೆ ಅಷ್ಟೇ ಗಿಡ್ಡ.

ಇನ್ನೊಂದು ತೊಡಕು ಕಾಲಿನ ಸರದಿಯದು. ಒಂದು ಕ್ಲಿಪ್ ಎಡಗಾಲು ನೆಲ ಮುಟ್ಟುವಲ್ಲಿ, ಪಕ್ಕದ್ದು ಬಲಗಾಲು ಮುಟ್ಟುವಲ್ಲಿ ಶುರುವಾದರೆ, ಬೆರೆಸಿದಾಗ ಎರಡೂ ಕಾಲು ಸೊಂಟದ ಕೆಳಗೇ ತೊಡರಿ ನಿಲ್ಲುತ್ತವೆ. ಎಲ್ಲ ಕ್ಲಿಪ್‌ಗಳೂ ಒಂದೇ ಕಾಲಿನಿಂದ ಶುರುವಾಗುವಂತೆ ಕತ್ತರಿಸಿಕೊಳ್ಳಬೇಕು. ಅನ್‌ರಿಯಲ್‌ನಲ್ಲಿ ಪಾದ ಊರುವ ಜಾಗಕ್ಕೆ ಸಿಂಕ್ ಮಾರ್ಕರ್ ಹಾಕಿ ಹೊಂದಿಸಬಹುದು.

ಪರೀಕ್ಷಿಸಲು ನೆಲಕ್ಕೆ ಚೌಕುಳಿ ಚಿತ್ರ ಹಾಸಿ, ಆಟವನ್ನು ಕಾಲು ಭಾಗ ವೇಗಕ್ಕಿಳಿಸಿ, ಊರಿದ ಪಾದವನ್ನೇ ನೋಡಬೇಕು. ಅದು ಗೆರೆ ದಾಟಿದರೆ ಕೆಲಸ ಬಾಕಿ ಇದೆ. ಮುಂದಿನಿಂದ ನೇರ ಹಿಂದಕ್ಕೆ ತಿರುಗಿಸುವಾಗ ಮಾತ್ರ ಎಷ್ಟು ತಿದ್ದಿದರೂ ಒಂದಿಷ್ಟು ಜಾರುತ್ತದೆ. ಅದಕ್ಕೆ ಪಾದವನ್ನು ನೆಲಕ್ಕೆ ಕಚ್ಚಿಸುವ ಬೇರೆಯೇ ತಂತ್ರ ಬೇಕು.