ಕೈಗಡವೂ ಸ್ನೇಹವೂ

ಮದುವೆಯ ಮನೆಯಲ್ಲಿ ಓದಿಸುವ ಮುಯ್ಯಿಗೆ ಒಂದು ಪುಸ್ತಕವುಂಟು. ಯಾರು ಎಷ್ಟು ಓದಿಸಿದರೆಂಬುದನ್ನು ಚಪ್ಪರದಲ್ಲೇ ಬರೆದುಕೊಳ್ಳುತ್ತಾರೆ. ಓದಿಸಿದವರ ಮನೆಯಿಂದ ಲಗ್ನಪತ್ರಿಕೆ ಬಂದ ದಿನ ಪುಸ್ತಕವನ್ನು ತೆರೆದು ನೋಡಿ, ಅಷ್ಟನ್ನೋ ಅದಕ್ಕಿಂತ ಸ್ವಲ್ಪ ಹೆಚ್ಚಾಗಿಯೋ ಹಿಂದಕ್ಕೆ ಸಲ್ಲಿಸುತ್ತಾರೆ. ಯಾರೂ ಬಾಯಿ ಬಿಟ್ಟು ಕೇಳಬೇಕಾಗಿಲ್ಲ. ಸಂಘದ ಸಾಲಕ್ಕೆ ವಾಯಿದೆಯುಂಟು, ನೋಟೀಸುಂಟು. ಇವೆರಡರ ನಡುವೆ ಸಿಕ್ಕಿಕೊಂಡು ಪುಸ್ತಕವೂ ಇಲ್ಲದೆ ನೋಟೀಸೂ ಇಲ್ಲದೆ ಇರುವುದು ಕೈಗಡ. ಇದನ್ನು ಕೈಬದಲು ಎಂದೂ ಕರೆಯುವುದುಂಟು. ತೆಲುಗು ಬೆರೆತ ಪಾವಗಡದ ಕಡೆ ಚೇಬದುಲು ಎನ್ನುತ್ತಾರೆ. ಹೆಸರು ಯಾವುದಾದರೂ ಅದರಲ್ಲಿ ಕೈಯೇ ಇದೆ, ಕಾಗದವಿಲ್ಲ. ಬಡ್ಡಿಯಿಲ್ಲದ, ಸಾಕ್ಷಿಯಿಲ್ಲದ, ಬಹುಮಟ್ಟಿಗೆ ವಾಯಿದೆಯೂ ಇಲ್ಲದ ಈ ಹಣವನ್ನು ನೆನಪಿಸುವ ಭಾರವೆಲ್ಲ ಕೊಟ್ಟವನ ನಾಲಗೆಯ ಮೇಲೆ ಬೀಳುತ್ತದೆ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆ ಹುಟ್ಟಿದ್ದು ಈ ಸಂಕಟದಿಂದಲೇ ಇರಬೇಕು.

ಸಿರಾ ತಾಲ್ಲೂಕಿನ ಮದಲೂರಿನಲ್ಲಿ ಒಬ್ಬ ರೈತರಿದ್ದಾರೆಂದು ಭಾವಿಸೋಣ. ಅವರೊಡನೆ ಒಂದೇ ಬೆಂಚಿನ ಮೇಲೆ ಕುಳಿತು ಓದಿದವರೊಬ್ಬರು ಸಿರಾದಲ್ಲಿ ಉಪಾಧ್ಯಾಯರಾಗಿದ್ದಾರೆ. ಮುಂಗಾರು ಹದವಾದಾಗ ಬಿತ್ತನೆಯ ಬೀಜಕ್ಕೆ ಹಣ ಸಾಲದೆ ರೈತರು ಉಪಾಧ್ಯಾಯರಲ್ಲಿಗೆ ಬಂದು 3,000 ರೂಪಾಯಿ ಕೈಗಡ ತೆಗೆದುಕೊಂಡರು. “ಕಾಯಿ ಮಾರಿದ ಕೂಡಲೆ ಕೊಡುತ್ತೇನೆ” ಎಂದರು. ಕಾರ್ತಿಕ ಕಳೆಯಿತು, ಕಾಯಿಯೂ ಮಾರಾಟವಾಯಿತು, ಹಣ ಬರಲಿಲ್ಲ. ಉಪಾಧ್ಯಾಯರು ಸಂಕೋಚದಿಂದ ಸುಮ್ಮನಿದ್ದು, ಪುಷ್ಯ ಮಾಸದಲ್ಲಿ ಕೇಳಿದರು. ಅಷ್ಟರಲ್ಲಿ ರೈತರ ಕೈ ಬರಿದಾಗಿತ್ತು.

ಇಲ್ಲಿ ಕೆಟ್ಟದ್ದು ರೈತರ ನಡತೆಯಲ್ಲ, ಕೇಳಿದ ಕಾಲ ಎಂಬುದು ನಮ್ಮ ಅಭಿಪ್ರಾಯ. ಮಳೆಯನ್ನೇ ನಂಬಿದ ಈ ಸೀಮೆಯಲ್ಲಿ ಕಡಲೆಕಾಯಿ ನಾಲ್ಕು ತಿಂಗಳ ಸುಮಾರಿಗೆ ಕೈಗೆ ಬರುತ್ತದೆ. ವರ್ಷಕ್ಕೊಮ್ಮೆ ಮನೆಗೆ ಬರುವ ಆ ಹಣ ಮನೆಯಲ್ಲಿ ನಿಲ್ಲುವುದು ಕೆಲವೇ ದಿನ. ಗೊಬ್ಬರದ ಅಂಗಡಿಯವರು, ಸಂಘದವರು, ಕಿತ್ತ ಕೂಲಿಯವರು, ಎಲ್ಲರೂ ಆ ದಿನಗಳಲ್ಲೇ ಬಾಗಿಲಿಗೆ ಬರುತ್ತಾರೆ. ಅವರೆಲ್ಲ ಕೇಳಬಲ್ಲವರು. ಕೇಳಲಾರದ ಸ್ನೇಹಿತನ ಪಾಲು ಕಡೆಗೆ ಉಳಿದು, ಉಳಿದದ್ದೇ ಹೋಗುತ್ತದೆ. ಆದುದರಿಂದ ನೆನಪು ಮಾಡಬೇಕಾದುದು ಗಿಡ ಕಿತ್ತು ಮೆದೆ ಹಾಕಿ ಕಾಯಿ ಬಿಡಿಸುತ್ತಿರುವಾಗ. ಮಾರುವುದಕ್ಕೆ ವಾರ ಮೊದಲು, ಮಾರಿ ತಿಂಗಳಾದ ಮೇಲಲ್ಲ. ಸಂಬಳದವರಾದರೆ ತಿಂಗಳ ಕೊನೆಯ ವಾರದಲ್ಲಿ ಕೇಳುವುದು ಕೇಳದೆ ಇರುವುದಕ್ಕೆ ಸಮ; ಸಂಬಳ ಬರುವ ಮುನ್ನಾದಿನ ಹೇಳಿದರೆ ಅದು ಲೆಕ್ಕಕ್ಕೆ ಸೇರುತ್ತದೆ.

ವಾರವನ್ನೂ ಹೊತ್ತನ್ನೂ ನೋಡಬೇಕು. ಮಂಗಳವಾರ, ಶುಕ್ರವಾರ, ದೀಪ ಹಚ್ಚುವ ಹೊತ್ತು—ಈ ವೇಳೆಗಳಲ್ಲಿ ಮನೆಯಿಂದ ಹಣ ಹೊರಗೆ ಹೋಗಬಾರದೆಂಬ ನಂಬಿಕೆ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿದೆ. ವಾಚಕರು ಅದನ್ನು ಒಪ್ಪಲಿ ಬಿಡಲಿ, ಆ ವೇಳೆಗೆ ಕೇಳಿದವನು ಸ್ನೇಹಿತನ ಮನೆಯಾಕೆಯ ಮನಸ್ಸನ್ನು ನೋಯಿಸುತ್ತಾನೆ. ಕೊಡಲು ಮನಸ್ಸಿಲ್ಲದವನಿಗೆ ಯೋಗ್ಯವಾದ ನೆಪವನ್ನೂ ತಾನೇ ಒದಗಿಸುತ್ತಾನೆ.

ಉಪಾಧ್ಯಾಯರು ಸಕಾಲದಲ್ಲಿ ಹೀಗೆ ಬರೆಯಬಹುದಾಗಿತ್ತು:

“ಪ್ರಿಯ ಮಿತ್ರ, ನಾವೆಲ್ಲರೂ ಕ್ಷೇಮ. ಈ ಸಲ ಕಾಯಿ ಚೆನ್ನಾಗಿ ಕಟ್ಟಿದೆಯೆಂದು ಕೇಳಿ ಸಂತೋಷವಾಯಿತು. ಬಿತ್ತನೆಯ ಕಾಲದಲ್ಲಿ ನನ್ನಿಂದ ಬಂದ ಮೂರು ಸಾವಿರ ನಿನ್ನ ನೆನಪಿನಲ್ಲಿದ್ದೀತು. ಕೆಲಸದ ಭರದಲ್ಲಿ ಮರೆತಿದ್ದರೂ ಸಹಜವೇ. ಮಗಳ ಶುಲ್ಕವನ್ನು ಮುಂದಿನ 20ನೆಯ ತಾರೀಖಿನೊಳಗೆ ಕಟ್ಟಬೇಕಾಗಿದೆ. ಕಾಯಿ ಮಾರಿದ ಮೇಲೆ ಅದನ್ನು ಕಳುಹಿಸಿದರೆ ಅನುಕೂಲವಾಗುವುದು. ಒಮ್ಮೆಗೇ ಕಷ್ಟವಾದರೆ ಈಗ ಸಾವಿರ ಕೊಡು, ಉಳಿದದ್ದು ಸಂಕ್ರಾಂತಿಗೆ ಆಗಲಿ. ಯಾವುದು ಸರಿಯೆಂದು ಎರಡು ಮಾತು ಬರೆ.”

ಈ ಓಲೆಯಲ್ಲಿ ಗಮನಿಸತಕ್ಕ ಸಂಗತಿಗಳಿವೆ. “ನೀನು ತೆಗೆದುಕೊಂಡ” ಎನ್ನದೆ “ನನ್ನಿಂದ ಬಂದ” ಎಂದಿರುವುದರಿಂದ ಮಾತಿನಲ್ಲಿ ಆರೋಪವಿಲ್ಲ. ಮೊತ್ತವನ್ನು ಮಾತ್ರ ಸ್ಪಷ್ಟವಾಗಿ ಹೇಳಿದೆ. “ಆ ವಿಷಯ”, “ಅದೇ, ಗೊತ್ತಲ್ಲ” ಎಂದು ಮುಸುಕಿನಲ್ಲಿ ಬರೆಯುವುದು ದಾಕ್ಷಿಣ್ಯದಂತೆ ಕಂಡರೂ ಅಪಾಯಕರ; ಒಬ್ಬರಿಗೆ 3,000 ಎಂದು ನೆನಪಿದ್ದು ಇನ್ನೊಬ್ಬರಿಗೆ 2,000 ಎಂದಿದ್ದರೆ ಜಗಳ ಹಣ ಬಂದ ದಿನ ಹುಟ್ಟುತ್ತದೆ. ಹೇಳಿದ ಅಗತ್ಯವು ನಿಜವಾಗಿರಬೇಕು. ಇಲ್ಲದ ಕಾಯಿಲೆಯನ್ನು ಹೇಳಿ ಹಣ ಪಡೆದವನು ಮರುವಾರ ಜಾತ್ರೆಯಲ್ಲಿ ಸಿಕ್ಕಿಬೀಳುತ್ತಾನೆ. ಅಗತ್ಯವೇ ಇಲ್ಲದಿದ್ದರೆ “ಲೆಕ್ಕ ಮುಗಿಸಿಬಿಡೋಣ” ಎಂದರೂ ಸಾಕು. ಭಾಗವಾಗಿ ಕೊಡಲು ಬಾಗಿಲು ತೆರೆದಿರುವುದು ಬಹಳ ಮುಖ್ಯ. ಪೂರ್ತಿ ಕೊಡಲಾರದವನು ನಾಚಿ ಏನನ್ನೂ ಕೊಡದೆ ಮುಖ ತಪ್ಪಿಸುವುದೇ ಹೆಚ್ಚು. ಸಾವಿರ ಕೊಟ್ಟವನು ಮತ್ತೆ ಮನೆಗೆ ಬಂದು ಕಾಫಿ ಕುಡಿಯುತ್ತಾನೆ.

ಇನ್ನೊಂದು ಸೂಕ್ಷ್ಮವಿದೆ. ಇಪ್ಪತ್ತು ವರ್ಷ “ನೀನು” ಎಂದವರು ಹಣದ ಮಾತು ಬಂದೊಡನೆ “ತಾವು”, “ತಮ್ಮಲ್ಲಿ ವಿಜ್ಞಾಪನೆ” ಎಂದು ಶುರುಮಾಡಿದರೆ ಆ ಬಹುವಚನವೇ ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತದೆ. ಎಂದಿನ ಸಂಬೋಧನೆಯೇ ಇರಲಿ.

ಹಿಂದೆ ತಿಳಿದವರು ಇಂಥದನ್ನು ಅಂಚೆಯ ಕಾರ್ಡಿನಲ್ಲಿ ಬರೆಯುತ್ತಿರಲಿಲ್ಲ. ಕಾರ್ಡನ್ನು ಊರೆಲ್ಲ ಓದುವುದೆಂದು ಅವರಿಗೆ ತಿಳಿದಿತ್ತು. ಈಗ ಮೊಬೈಲಿನಲ್ಲಿ ಬರೆಯುವವರೂ ಹತ್ತು ಜನರ ಗುಂಪಿನಲ್ಲಿ ತಮಾಷೆಯ ಸೋಗಿನಲ್ಲಿ ಕೇಳಬಾರದು. ಯುಪಿಐ ಮೂಲಕ ಇನ್ನೊಬ್ಬರಿಗೆ ಹಣದ ಬೇಡಿಕೆಯನ್ನೇ ಕಳುಹಿಸುವ ಏರ್ಪಾಡೊಂದಿತ್ತು. ಮೋಸಗಾರರು ಅದನ್ನು ದುರುಪಯೋಗಪಡಿಸಿಕೊಂಡದ್ದರಿಂದ ವ್ಯಕ್ತಿಗಳ ನಡುವೆ ಅದನ್ನು 2025ರ ಅಕ್ಟೋಬರಿನಿಂದ ನಿಲ್ಲಿಸಲಾಯಿತು. ಸ್ನೇಹಿತನ ಹೆಸರಿನ ಕೆಳಗೆ ಮೊತ್ತವನ್ನು ಮಾತ್ರ ತೋರಿಸುವ ಆ ಬೇಡಿಕೆ ಹೋದದ್ದಕ್ಕೆ ನಮಗೇನೂ ವಿಷಾದವಿಲ್ಲ. ಮಧ್ಯಸ್ಥರ ಮೂಲಕ ಹೇಳಿಸುವುದು ಎಲ್ಲಕ್ಕಿಂತ ಕೆಟ್ಟದ್ದು. ಇಬ್ಬರ ನಡುವಿನ ವಿಷಯ ಅಂದೇ ಮೂವರದಾಗುತ್ತದೆ.

ಓಲೆಗೆ ಬರುವ ಉತ್ತರದಿಂದ ಮನುಷ್ಯನ ಸ್ಥಿತಿ ತಿಳಿಯುತ್ತದೆ. ನಿಜವಾಗಿ ಮರೆತಿದ್ದವನು ಬಹುಮಟ್ಟಿಗೆ ಅಂದೇ ಹಣ ಕಳುಹಿಸಿ ಕ್ಷಮೆ ಕೇಳುತ್ತಾನೆ. ಕೊಡಲಾರದವನು ಕಾರಣವನ್ನೂ ದಿನವನ್ನೂ ಹೇಳುತ್ತಾನೆ. ಆ ದಿನ ತಪ್ಪಿದರೂ ಅವನೇ ಮಾತೆತ್ತುತ್ತಾನೆ. ಉತ್ತರವೇ ಇಲ್ಲದೆ, ಎದುರಿಗೆ ಸಿಕ್ಕಾಗ ಮಳೆ ಬೆಳೆಯ ಮಾತನ್ನೇ ಉದ್ದ ಮಾಡಿದರೆ ಮಾತ್ರ ಎರಡನೆಯ ಸಲ, ಮುಖತಃ, ಒಬ್ಬರೇ ಇದ್ದಾಗ ಕೇಳಬೇಕು. ಮೂರನೆಯ ನೆನಪೋಲೆಯಿಂದ ಹಣ ಬಂದರೂ ಸ್ನೇಹ ಉಳಿಯುವುದು ಅಪರೂಪ.

ಕಾನೂನಿನ ಮಾತನ್ನೂ ಹೇಳಬೇಕು. 1963ರ ಕಾಲಮಿತಿ ಅಧಿನಿಯಮದಂತೆ, ಕೇಳಿದಾಗ ಕೊಡುವೆನೆಂದು ಪಡೆದ ಕೈಗಡಕ್ಕೆ ದಾವೆ ಹೂಡಲು ಮೂರು ವರ್ಷದ ಅವಧಿಯಿದೆ. ಅದು ಹಣ ಕೊಟ್ಟ ದಿನದಿಂದ ಮೊದಲಾಗುತ್ತದೆ, ಕೇಳಿದ ದಿನದಿಂದಲ್ಲ. “ಕೊಡುತ್ತೇನೆ” ಎಂಬ ಬಾಯಿಮಾತಿನಿಂದ ಅವಧಿ ಹೊಸದಾಗುವುದಿಲ್ಲ. ಅದು ಮುಗಿಯುವುದರೊಳಗೆ ಸಾಲವನ್ನು ಒಪ್ಪಿ ಬರೆದು ರುಜು ಹಾಕಿದರೆ ಆ ದಿನದಿಂದ ಮತ್ತೆ ಎಣಿಕೆ. ಆದರೆ 3,000 ರೂಪಾಯಿಗಾಗಿ ವಕೀಲರ ಮೆಟ್ಟಿಲು ಹತ್ತುವವನು ಹಣವನ್ನೂ ಉಳಿಸಲಾರ.

ಎರಡು ಸಲ ಕೇಳಿಯೂ ಬಾರದಿದ್ದರೆ ಉಪಾಧ್ಯಾಯರು ಬಿಟ್ಟುಬಿಡಲು ನಿಶ್ಚಯಿಸಬಹುದು. ಹಾಗೆ ನಿಶ್ಚಯಿಸಿದರೆ ಅದನ್ನು ಸ್ನೇಹಿತನಿಗೆ ಹೇಳಿಬಿಡಬೇಕು. ಮನಸ್ಸಿನಲ್ಲೇ ಮನ್ನಾ ಮಾಡಿದ ಸಾಲ ಕೊಟ್ಟವನಿಗೆ ಮಾತ್ರ ತೀರಿರುತ್ತದೆ; ಪಡೆದವನು ಸಿರಾದ ಬಸ್ ನಿಲ್ದಾಣದಲ್ಲಿ ಇವರನ್ನು ಕಂಡಾಗಲೆಲ್ಲ ಕಂಬದ ಮರೆಗೆ ಸರಿಯುತ್ತಲೇ ಇರುತ್ತಾನೆ. “ಆ ಮೂರು ಸಾವಿರ ನಿನ್ನ ಮಗನ ಪುಸ್ತಕಕ್ಕೆಂದು ತಿಳಿದುಕೋ, ಇನ್ನು ಆ ಮಾತು ಬೇಡ. ಭಾನುವಾರ ಊಟಕ್ಕೆ ಬಾ” ಎಂದರೆ ಅವನು ಕಂಬದ ಮರೆಯಿಂದ ಈಚೆಗೆ ಬರಬಹುದು.