ಓಡುವ ಮಾಲಿನ ಜೊತೆ ಓಡದ ಮಾಲು: ದಿನಸಿ ಅಂಗಡಿಯ ಜೋಡಿ ಮಾರಾಟದ ಲೆಕ್ಕ

ದಿನಸಿ ಅಂಗಡಿಯಲ್ಲಿರುವ ಎಲ್ಲ ಸರಕೂ ಒಂದೇ ವೇಗದಲ್ಲಿ ಖರ್ಚಾಗುವುದಿಲ್ಲ. ಸಕ್ಕರೆ, ಅಡುಗೆ ಎಣ್ಣೆ, ತೊಗರಿಬೇಳೆ, ಟೀ ಪುಡಿ ತಂದ ಕೆಲವೇ ದಿನಗಳಲ್ಲಿ ಮುಗಿಯುತ್ತವೆ. ರಸಂ ಪುಡಿ, ಶ್ಯಾವಿಗೆ, ಜಾಮೂನ್ ಮಿಕ್ಸ್, ಹೆಸರು ಅಷ್ಟಾಗಿ ಕೇಳದ ಕಂಪನಿಯ ಉಪ್ಪಿನಕಾಯಿ ತಿಂಗಳುಗಟ್ಟಲೆ ಕಪಾಟಿನಲ್ಲೇ ಉಳಿಯುತ್ತವೆ. ಅಂಗಡಿಯವರ ಮಾತಿನಲ್ಲಿ ಮೊದಲನೆಯದು ಓಡುವ ಮಾಲು, ಎರಡನೆಯದು ಓಡದ ಮಾಲು. ಇವೆರಡನ್ನೂ ಸೇರಿಸಿ, ಸ್ವಲ್ಪ ರಿಯಾಯಿತಿ ಕೊಟ್ಟು ಮಾರುವುದೇ ಜೋಡಿ ಮಾರಾಟ. ಕಪಾಟು ಖಾಲಿ ಮಾಡುವುದು ಮತ್ತು ಪ್ರತಿ ಗ್ರಾಹಕರ ಬಿಲ್ಲನ್ನು ಕೊಂಚ ಹೆಚ್ಚಿಸುವುದು ಇದರ ಎರಡು ಉದ್ದೇಶಗಳು.

ಈ ಜೋಡಣೆಗೆ ದಾರಿ ಮಾಡಿಕೊಡುವುದು ಲಾಭದ ಅಂತರ. ತೊಗರಿಬೇಳೆ, ಸಕ್ಕರೆಯ ದರ ಎಲ್ಲರಿಗೂ ಗೊತ್ತು. ಎರಡು ರೂಪಾಯಿ ಹೆಚ್ಚಾದರೂ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾರೆ, ಹಾಗಾಗಿ ಅವುಗಳ ಮೇಲೆ ಸಿಗುವ ಲಾಭ ತೆಳು. ರಸಂ ಪುಡಿಯ ಬೆಲೆಯನ್ನು ಯಾರೂ ಅಷ್ಟು ನೆನಪಿಟ್ಟುಕೊಳ್ಳುವುದಿಲ್ಲ, ಅದರ ಮೇಲೆ ರೂಪಾಯಿಗೆ ಸಿಗುವ ಲಾಭ ಸಾಮಾನ್ಯವಾಗಿ ಹೆಚ್ಚು. ಬೇಳೆ ಗಿರಾಕಿಯನ್ನು ಅಂಗಡಿಗೆ ಕರೆತರುತ್ತದೆ, ಪುಡಿ ಲಾಭ ತರುತ್ತದೆ. ಆದರೆ ರಿಯಾಯಿತಿ ಎಷ್ಟಿರಬೇಕು ಎಂಬುದರಲ್ಲಿ ಲೆಕ್ಕ ತಪ್ಪಿದರೆ ಬಿಲ್ಲು ಏರಿಯೂ ಲಾಭ ಏರದೆ ಉಳಿಯುತ್ತದೆ.

ಯಾವ ಮಾಲು ಜೋಡಿಗೆ ತಕ್ಕದ್ದು

ಓಡದ ಮಾಲೆಲ್ಲ ಒಂದೇ ಬಗೆಯದಲ್ಲ. ಕೆಲವು ಸ್ವಭಾವದಿಂದಲೇ ನಿಧಾನ. ಏಲಕ್ಕಿ, ಕೇಸರಿ ಹಬ್ಬದ ದಿನಗಳಲ್ಲಿ ಮಾತ್ರ ಖರ್ಚಾಗುತ್ತವೆ, ಅವನ್ನು ಅವಸರಪಡಿಸಬೇಕಾಗಿಲ್ಲ. ಕೆಲವು ಗಿರಾಕಿಯ ಕಣ್ಣಿಗೆ ಬೀಳದೆ ಉಳಿದವು. ಗಲ್ಲಾದ ಹಿಂದಿನ ಮೇಲಿನ ಅಟ್ಟದಲ್ಲಿ ಕೂತ ಪೊಟ್ಟಣವನ್ನು ಮುಂದೆ ತಂದಿಟ್ಟರೆ ರಿಯಾಯಿತಿಯಿಲ್ಲದೆಯೇ ಹೋಗಬಹುದು. ಇನ್ನು ಕೆಲವನ್ನು ಒಮ್ಮೆ ಕೊಂಡವರು ಮತ್ತೆ ಕೇಳುವುದೇ ಇಲ್ಲ. ರುಚಿ ಹಿಡಿಸದ ಇಂಥ ಮಾಲನ್ನು ಒಳ್ಳೆಯ ಬೇಳೆಗೆ ಕಟ್ಟಿ ಕೊಟ್ಟರೆ ಗಿರಾಕಿಯ ಅಸಮಾಧಾನ ಅಂಗಡಿಯ ಮೇಲೆಯೇ ಬೀಳುತ್ತದೆ. ಅದನ್ನು ಡಿಸ್ಟ್ರಿಬ್ಯೂಟರ್‌ಗೆ ವಾಪಸ್ ಮಾಡಲು ಅವಕಾಶವಿದೆಯೇ ಎಂದು ಸೇಲ್ಸ್‌ಮನ್ ಬಂದಾಗ ಕೇಳುವುದೇ ಸರಿ.

ಜೋಡಿಗೆ ತಕ್ಕದ್ದು ಇವುಗಳ ನಡುವಿನದು. ಕೊಂಡವರಿಗೆ ಹಿಡಿಸಿದೆ, ಆದರೆ ಕೊಳ್ಳಬೇಕೆಂದು ಹೆಚ್ಚಿನವರಿಗೆ ನೆನಪಾಗುವುದಿಲ್ಲ. ಡಿಸ್ಟ್ರಿಬ್ಯೂಟರ್ ಬಿಲ್ಲಿನ ದಿನಾಂಕವನ್ನು ಕಪಾಟಿನಲ್ಲಿ ಉಳಿದಿರುವ ಪೊಟ್ಟಣಗಳೊಂದಿಗೆ ಹೋಲಿಸಿದರೆ ಅಂಥ ಮಾಲು ಯಾವುದೆಂದು ತಿಳಿಯುತ್ತದೆ. ಎರಡು ಡಜನ್ ತಂದು ಎರಡು ತಿಂಗಳಾದ ಮೇಲೂ ಒಂದೂವರೆ ಡಜನ್ ಉಳಿದಿದ್ದರೆ, ಮತ್ತು ಕೊಂಡ ಕೆಲವರು ಮತ್ತೆ ಬಂದು ಕೇಳಿದ್ದರೆ, ಅದನ್ನು ಆರಿಸಿಕೊಳ್ಳಬಹುದು.

ಜೊತೆಗಾರನನ್ನು ಹುಡುಕುವಾಗ ನೋಡಬೇಕಾದದ್ದು ಅಡುಗೆಮನೆಯನ್ನು. ಬೇಳೆ ಕೊಳ್ಳುವ ಮನೆಯಲ್ಲಿ ಸಾರು ಆಗೇ ಆಗುತ್ತದೆ, ಆದ್ದರಿಂದ ಬೇಳೆಗೆ ರಸಂ ಪುಡಿ ಹೊಂದುತ್ತದೆ. ಸಕ್ಕರೆಗೆ ಶ್ಯಾವಿಗೆ, ಅವಲಕ್ಕಿಗೆ ಶೇಂಗಾ ಹೊಂದುತ್ತವೆ. ಬಿಸ್ಕತ್ತಿಗೆ ಫಿನಾಯಿಲ್ ಕಟ್ಟಿದರೆ ಗಿರಾಕಿಗೆ ಅಂಗಡಿಯವರ ಅವಸರವೊಂದೇ ಕಾಣುತ್ತದೆ. ಇನ್ನೊಂದು ಎಚ್ಚರಿಕೆಯೂ ಬೇಕು. ಊದುಬತ್ತಿ, ಬಟ್ಟೆ ಸೋಪು, ಡಿಟರ್ಜೆಂಟ್ ಪುಡಿಯನ್ನು ಟೀ ಪುಡಿ, ರವೆ, ಅಕ್ಕಿಯ ಜೊತೆ ಒಂದೇ ಕವರಿನಲ್ಲಿ ಕೆಲವು ದಿನ ಇಟ್ಟರೆ ಆಹಾರಕ್ಕೆ ಅವುಗಳ ವಾಸನೆ ಹತ್ತುತ್ತದೆ.

ರಿಯಾಯಿತಿಯ ಲೆಕ್ಕ

ಒಂದು ಉದಾಹರಣೆಯನ್ನು ಕೊನೆಯವರೆಗೆ ಲೆಕ್ಕ ಹಾಕಿದರೆ ವಿಷಯ ತಿಳಿಯಾಗುತ್ತದೆ. ಒಂದು ಕಿಲೋ ತೊಗರಿಬೇಳೆಯ ಮಾರಾಟ ಬೆಲೆ 160 ರೂಪಾಯಿ, ಲಾಭ 12 ರೂಪಾಯಿ ಎಂದಿಟ್ಟುಕೊಳ್ಳೋಣ. ರಸಂ ಪುಡಿಯ ಪೊಟ್ಟಣದ ಎಂಆರ್‌ಪಿ 60 ರೂಪಾಯಿ, ಅಂಗಡಿಗೆ ಬಿದ್ದ ಬೆಲೆ 46, ಲಾಭ 14 ರೂಪಾಯಿ. ವಾರಕ್ಕೆ 100 ಮಂದಿ ಬೇಳೆ ಕೊಳ್ಳುತ್ತಾರೆ, ಅವರಲ್ಲಿ 6 ಮಂದಿ ಯಾವ ರಿಯಾಯಿತಿಯೂ ಇಲ್ಲದೆ ರಸಂ ಪುಡಿಯನ್ನೂ ಕೊಳ್ಳುತ್ತಾರೆ. ಈ ಎರಡು ಸರಕುಗಳಿಂದ ವಾರದ ವ್ಯಾಪಾರ 16,360 ರೂಪಾಯಿ, ಲಾಭ 1,284 ರೂಪಾಯಿ. ಗಿರಾಕಿಯೊಬ್ಬರ ಸರಾಸರಿ ಬಿಲ್ಲು 163 ರೂಪಾಯಿ 60 ಪೈಸೆ.

ಈಗ ಎರಡನ್ನೂ ಸೇರಿಸಿ, 10 ರೂಪಾಯಿ ಇಳಿಸಿ, 210ಕ್ಕೆ ಮಾರಿದರೆ 25 ಮಂದಿ ಜೋಡಿಯನ್ನು ಒಯ್ಯುತ್ತಾರೆ ಎನ್ನೋಣ. ಮೊದಲಿನಿಂದಲೂ ಕೊಳ್ಳುತ್ತಿದ್ದ 6 ಮಂದಿ ಇವರಲ್ಲೇ ಸೇರಿದ್ದಾರೆ. ವ್ಯಾಪಾರ 17,250ಕ್ಕೆ, ಸರಾಸರಿ ಬಿಲ್ಲು 172 ರೂಪಾಯಿ 50 ಪೈಸೆಗೆ ಏರುತ್ತದೆ. ಲಾಭ ಮಾತ್ರ 1,300 ರೂಪಾಯಿ. ಹತ್ತೊಂಬತ್ತು ಪೊಟ್ಟಣ ಹೆಚ್ಚು ಮಾರಿ, ಅಷ್ಟು ಜನರೊಂದಿಗೆ ಮಾತಾಡಿ, ಕಟ್ಟಿಕೊಟ್ಟು, ಕೈಗೆ ಹೆಚ್ಚಾಗಿ ಬಂದದ್ದು 16 ರೂಪಾಯಿ.

ರಿಯಾಯಿತಿಯನ್ನು 5 ರೂಪಾಯಿಗೆ ಇಳಿಸಿ ಜೋಡಿಯನ್ನು 215ಕ್ಕೆ ಕೊಟ್ಟರೆ ಒಯ್ಯುವವರು ಕಡಿಮೆಯಾಗುತ್ತಾರೆ. 20 ಮಂದಿಯೇ ಒಯ್ದರೂ ಸರಾಸರಿ ಬಿಲ್ಲು 171 ರೂಪಾಯಿ ಆಗುತ್ತದೆ, ಲಾಭ 1,380 ರೂಪಾಯಿ ತಲುಪುತ್ತದೆ. ಬಿಲ್ಲು ಒಂದೂವರೆ ರೂಪಾಯಿ ಕಡಿಮೆ, ಲಾಭ 80 ರೂಪಾಯಿ ಹೆಚ್ಚು.

ಈ ವ್ಯತ್ಯಾಸಕ್ಕೆ ಕಾರಣ ಹಳೆಯ 6 ಗಿರಾಕಿಗಳು. ಪೂರ್ತಿ ಬೆಲೆ ಕೊಡಲು ಸಿದ್ಧರಿದ್ದ ಅವರಿಗೂ ರಿಯಾಯಿತಿ ಹೋಗುತ್ತದೆ. 10 ರೂಪಾಯಿ ಇಳಿಸಿದಾಗ ಅವರಿಂದ 60 ರೂಪಾಯಿ ನಷ್ಟ; ಹೊಸಬರು ಒಬ್ಬೊಬ್ಬರಿಂದ ಬರುವುದು 4 ರೂಪಾಯಿ. ಹಾಗಾಗಿ 15 ಮಂದಿ ಹೊಸಬರು ಬರುವವರೆಗೂ ಲಾಭವೇ ಶುರುವಾಗುವುದಿಲ್ಲ. 5 ರೂಪಾಯಿ ಇಳಿಸಿದಾಗ ನಷ್ಟ 30 ರೂಪಾಯಿ, ಹೊಸಬರಿಂದ ತಲಾ 9 ರೂಪಾಯಿ. ನಾಲ್ಕೇ ಮಂದಿ ಸಾಕು. ರಿಯಾಯಿತಿ ತೀರ್ಮಾನಿಸುವ ಮೊದಲು ಎರಡನ್ನೂ ಈಗಾಗಲೇ ಕೊಳ್ಳುತ್ತಿರುವವರು ಎಷ್ಟು ಮಂದಿ ಎಂದು ಒಂದು ವಾರ ಗುರುತು ಹಾಕಿಕೊಳ್ಳಬೇಕೆನ್ನುವುದು ಇದಕ್ಕಾಗಿಯೇ.

ದೊಡ್ಡ ರಿಯಾಯಿತಿ ಸರಿಯಾಗುವ ಸಂದರ್ಭವೂ ಒಂದಿದೆ. ಪೊಟ್ಟಣದ ಅವಧಿ ಮುಗಿಯಲು ಒಂದೆರಡು ತಿಂಗಳಷ್ಟೇ ಉಳಿದಿದ್ದು, ಡಿಸ್ಟ್ರಿಬ್ಯೂಟರ್ ವಾಪಸ್ ಪಡೆಯದಿದ್ದರೆ, ಉಳಿದ ಪ್ರತಿ ಪೊಟ್ಟಣವೂ 46 ರೂಪಾಯಿಯ ನಷ್ಟವೇ. ಆಗ ಲಾಭ ಬಿಟ್ಟು ಅಸಲು ಉಳಿಸಿಕೊಳ್ಳುವುದು ಜಾಣತನ. ಆದರೆ ಅವಧಿ ಹತ್ತಿರವಿದೆ ಎಂದು ಗಿರಾಕಿಗೆ ಹೇಳಿಯೇ ಕೊಡಬೇಕು. ಅವಧಿ ಮೀರಿದ ಆಹಾರವನ್ನು ರಿಯಾಯಿತಿಯಲ್ಲಾಗಲಿ ಉಚಿತವಾಗಾಗಲಿ ಕೊಡುವಂತಿಲ್ಲ.

ಗಲ್ಲಾದ ಮುಂದೆ

ಜೋಡಿಯನ್ನು ರಬ್ಬರ್ ಬ್ಯಾಂಡಿನಿಂದಲೋ ಪಾರದರ್ಶಕ ಟೇಪಿನಿಂದಲೋ ಕಟ್ಟಿದರೆ ಸಾಕು. ಎಂಆರ್‌ಪಿ, ತಯಾರಿಕೆಯ ತಿಂಗಳು, ಅವಧಿ ಮುಚ್ಚಿಹೋಗಬಾರದು. ಮೊದಲ ಸಲ ಹತ್ತು ಜೋಡಿ ಮಾಡಿ ಬೇಳೆಯ ಪಕ್ಕದಲ್ಲೇ ಇಡಬೇಕು. ಬಿಡಿ ಬೇಳೆ, ಬಿಡಿ ಪುಡಿ ಎರಡೂ ಅಲ್ಲೇ ಸಿಗುವಂತಿರಬೇಕು. ರಿಯಾಯಿತಿ ಪುಡಿಯ ಮೇಲೆ ಎಂದೇ ಬರೆಯಬೇಕು. ಬೇಳೆಯ ಮೇಲೆ ಎಂದು ಬರೆದರೆ ಗಿರಾಕಿ ಮುಂದಿನ ವಾರವೂ ಅದೇ ಬೆಲೆಗೆ ಬೇಳೆ ಕೇಳುತ್ತಾರೆ.

ಚೀಟಿ ಹಿಡಿದು ಬಂದು ಸಾಮಾನು ಹೇಳುವ ಅಂಗಡಿಯಲ್ಲಿ ಬೋರ್ಡಿಗಿಂತ ಬಾಯಿಮಾತೇ ಹೆಚ್ಚು ಕೆಲಸ ಮಾಡುತ್ತದೆ. ಬೇಳೆ ತೂಗುತ್ತಿರುವಾಗಲೇ "ಅಕ್ಕಾ, ಸಾರಿಗೆ ಈ ರಸಂ ಪುಡಿ ಕೊಡ್ಲಾ? ಬೇಳೆ ಜೊತೆ ತಗೊಂಡ್ರೆ ಐದು ರೂಪಾಯಿ ಕಡಿಮೆ" ಎಂದು ಒಮ್ಮೆ ಕೇಳುವುದು ಸರಿ. ಬೇಡ ಎಂದ ಮೇಲೆ ಮತ್ತೆ ಕೇಳಬಾರದು. ಉದ್ರಿ ಗಿರಾಕಿಗಳ ವಿಷಯದಲ್ಲಿ ಇನ್ನಷ್ಟು ಸಂಯಮ ಬೇಕು. ಅವರ ಲೆಕ್ಕದಲ್ಲಿ ಏರಿದ ಬಿಲ್ಲು ಸಾಲವಾಗಿ ಏರುತ್ತದೆ, ದುಡ್ಡು ಕೈಸೇರುವುದು ತಡವಾಗುತ್ತದೆ.

ಕಾನೂನಿನ ಎಲ್ಲೆ

"ಪುಡಿ ತಗೊಂಡ್ರೆ ಮಾತ್ರ ಬೇಳೆ" ಎನ್ನುವುದು ಜೋಡಿ ಮಾರಾಟವಲ್ಲ. ಒಂದನ್ನು ಕೊಳ್ಳಲು ಇನ್ನೊಂದನ್ನು ಷರತ್ತಾಗಿಸುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನಿರ್ಬಂಧಕ ವ್ಯಾಪಾರ ಪದ್ಧತಿ ಎಂದು ಗುರುತಿಸಿದೆ. ಯೂರಿಯಾ ಜೊತೆಗೆ ಬೇಡದ ಗೊಬ್ಬರವನ್ನೂ 'ಲಿಂಕ್' ಹೆಸರಿನಲ್ಲಿ ಹೇರುತ್ತಾರೆ ಎಂದು ರೈತರು ದೂರುವುದು ಇಂಥದ್ದನ್ನೇ. ಪುಡಿಯ ಬೆಲೆಯನ್ನು ಬೇಳೆಯಲ್ಲಿ ಸೇರಿಸಿ 'ಪುಡಿ ಉಚಿತ' ಎಂದು ಬರೆಯುವುದು ಅದೇ ಕಾಯ್ದೆಯಡಿ ಅನುಚಿತ ವ್ಯಾಪಾರ ಪದ್ಧತಿ. ಯಾವ ಪೊಟ್ಟಣವನ್ನೂ ಅದರ ಎಂಆರ್‌ಪಿಗಿಂತ ಹೆಚ್ಚಿಗೆ ಮಾರುವಂತಿಲ್ಲ.

ಜಿಎಸ್‌ಟಿ ನೋಂದಣಿ ಇರುವ ಅಂಗಡಿ ಬಿಲ್ಲು ಬರೆಯುವ ಬಗೆಯನ್ನೂ ಗಮನಿಸಬೇಕು. ಶೇ 5 ತೆರಿಗೆಯ ಸರಕನ್ನೂ ಶೇ 18 ತೆರಿಗೆಯ ಸರಕನ್ನೂ ಸೇರಿಸಿ ಒಂದೇ ಬೆಲೆಗೆ ಮಾರಿದರೆ ಅದು ಮಿಶ್ರ ಪೂರೈಕೆಯಾಗಿ, ಇಡೀ ಮೊತ್ತಕ್ಕೆ ಹೆಚ್ಚಿನ ದರವೇ ಅನ್ವಯಿಸುತ್ತದೆ. ಒಂದೇ ದರದ ಸರಕುಗಳನ್ನು ಜೋಡಿಸಿದರೆ ಈ ತೊಡಕಿಲ್ಲ. ದರ ಬೇರೆಯಾಗಿದ್ದರೆ ಅವನ್ನು ಒಂದೇ ಬೆಲೆಗೆ ಕಟ್ಟದೆ, ಬಿಡಿಯಾಗಿಯೇ ಮಾರಿ, ಬಿಲ್ಲಿನಲ್ಲಿ ಬೇರೆ ಬೇರೆ ಸಾಲಿನಲ್ಲಿ ಬರೆಯುವುದು ಕ್ಷೇಮ.

ಫಲ ನೋಡುವ ಬಗೆ

ದಿನದ ವ್ಯಾಪಾರವನ್ನು ಬಿಲ್ಲುಗಳ ಸಂಖ್ಯೆಯಿಂದ ಭಾಗಿಸಿದರೆ ಸರಾಸರಿ ಬಿಲ್ಲು ಸಿಗುತ್ತದೆ. ಬಿಲ್ಲಿಂಗ್ ಯಂತ್ರ ಇಲ್ಲದ ಕಡೆ ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಗಿರಾಕಿಗೆ ಒಂದು ಗೀಟು ಎಳೆದರೆ ಎಣಿಕೆ ಆಗುತ್ತದೆ. ಸಂಬಳ ಬಂದ ಮೊದಲ ವಾರದಲ್ಲಿ ಬಿಲ್ಲು ತಾನಾಗಿಯೇ ದೊಡ್ಡದಿರುತ್ತದೆ. ಆದ್ದರಿಂದ ಮೊದಲ ವಾರವನ್ನು ಹಿಂದಿನ ತಿಂಗಳ ಮೊದಲ ವಾರದೊಂದಿಗೇ ಹೋಲಿಸಬೇಕು, ಹಬ್ಬದ ವಾರವನ್ನು ಲೆಕ್ಕಕ್ಕೆ ಹಿಡಿಯಬಾರದು. ಜೊತೆಗೆ ಜೋಡಿಯ ಒಟ್ಟು ಲಾಭವನ್ನೂ ಬರೆಯಬೇಕು. ಬಿಲ್ಲು ಏರಿ ಲಾಭ ಏರದಿದ್ದರೆ ರಿಯಾಯಿತಿ ಹೆಚ್ಚಾಗಿದೆ ಎಂದರ್ಥ. ಬಿಡಿ ಬೇಳೆ ಕೊಳ್ಳುವವರು ಕಡಿಮೆಯಾಗಿ, ಜೋಡಿಯೂ ಹೋಗದಿದ್ದರೆ ಗಿರಾಕಿಗೆ ಬೇಸರವಾಗಿದೆ ಎಂದರ್ಥ.

ದಾಸ್ತಾನು ಮುಗಿದ ಮೇಲೆ ಅನೇಕ ಅಂಗಡಿಗಳು ಮಾಡುವ ತಪ್ಪೊಂದಿದೆ. ರಸಂ ಪುಡಿ ಬೇಗ ಖಾಲಿಯಾಯಿತೆಂದು ಮತ್ತೆ ಎರಡು ಡಜನ್ ತರಿಸುತ್ತಾರೆ. ಖಾಲಿಯಾದದ್ದು ರಿಯಾಯಿತಿಯ ಬಲದಿಂದ. ಅದು ನಿಂತ ಮೇಲೆ ಒಂದು ತಿಂಗಳು ನಾಲ್ಕೈದು ಪೊಟ್ಟಣಗಳನ್ನಷ್ಟೇ ಪೂರ್ತಿ ಬೆಲೆಗೆ ಇಟ್ಟು ನೋಡಬೇಕು. ಜೋಡಿಯಲ್ಲಿ ರುಚಿ ಕಂಡವರು ಈಗ ತಾವಾಗಿ ಕೇಳಿದರೆ ಡಜನ್ ತರಿಸಬಹುದು. ಕೇಳದಿದ್ದರೆ ಆ ಹಣವನ್ನು ಬೇರೆ ಮಾಲಿಗೆ ಹಾಕುವುದು ಸರಿ.