ಅಡ್ವಾನ್ಸ್ ಹೇಳಿದ ಗುಟ್ಟು

ಬೆಂಗಳೂರಿನಲ್ಲಿ ಮನೆ ಹಿಡಿಯುವವರು ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು ಎಂದು ಚೌಕಾಸಿ ಮಾಡುತ್ತಾರೆ. ಕರಾರಿನ ಕೊನೆಯಲ್ಲಿ ಅಂಟಿಕೊಂಡಿರುವ ಷೆಡ್ಯೂಲನ್ನು ಮಾತ್ರ ಕೂಡಿಸಿ ನೋಡುವುದಿಲ್ಲ.

ಒಂದು ಫ್ಲ್ಯಾಟಿನ ಮೂರು ವರ್ಷದ ಕರಾರನ್ನೇ ತೆಗೆದುಕೊಳ್ಳೋಣ. ತಿಂಗಳ ಬಾಡಿಗೆ 20,000 ರೂಪಾಯಿ, ಮೇಂಟೆನೆನ್ಸ್ 2,500. ಬಾಡಿಗೆ ವರ್ಷಕ್ಕೆ ಶೇ. 5ರಷ್ಟು ಏರಬೇಕು, ಅಡ್ವಾನ್ಸ್ ಹತ್ತು ತಿಂಗಳ ಬಾಡಿಗೆ. ಷರತ್ತುಗಳಲ್ಲಿ ಇಷ್ಟೂ ಸರಿಯಾಗಿಯೇ ಇದೆ. ಷೆಡ್ಯೂಲಿನಲ್ಲಿ ಮಾತ್ರ ತಿಂಗಳಿಗೆ ಕೊಡಬೇಕಾದ ಒಟ್ಟು ಮೊತ್ತ ಮೊದಲ ವರ್ಷ 22,500, ಎರಡನೆಯ ವರ್ಷ 23,625, ಮೂರನೆಯ ವರ್ಷ 24,806 ಎಂದಿದೆ. ಅಡ್ವಾನ್ಸ್ 2,25,000.

ಮೊದಲು ಕಣ್ಣಿಡಬೇಕಾದ್ದು ಅಡ್ವಾನ್ಸಿನ ಮೇಲೆ. ಅದನ್ನು ಹತ್ತರಿಂದ ಭಾಗಿಸಿದರೆ 22,500 ಬರುತ್ತದೆ, 20,000 ಅಲ್ಲ. ಅಂದರೆ ಪಟ್ಟಿ ಮಾಡಿದವರು ಮೇಂಟೆನೆನ್ಸನ್ನೂ ಬಾಡಿಗೆಗೆ ಸೇರಿಸಿಕೊಂಡೇ ಲೆಕ್ಕ ಹಾಕಿದ್ದಾರೆ. ಅಡ್ವಾನ್ಸಿನಲ್ಲಿ 25,000 ಹೆಚ್ಚು ಕಟ್ಟಿದರೂ ಮನೆ ಬಿಡುವಾಗ ಅದು ವಾಪಸ್ ಬರಬೇಕಾದ ಹಣ. ಏರಿಕೆಯಲ್ಲಿ ಹೋದದ್ದು ಮಾತ್ರ ಮರಳುವುದಿಲ್ಲ.

ಷರತ್ತಿನ ಪ್ರಕಾರ ಏರಬೇಕಾದದ್ದು ಬಾಡಿಗೆ ಮಾತ್ರ. ಎರಡನೆಯ ವರ್ಷ 21,000, ಮೂರನೆಯ ವರ್ಷ 22,050. ಮೇಂಟೆನೆನ್ಸ್ ಸೇರಿಸಿದರೆ ತಿಂಗಳಿಗೆ 23,500 ಮತ್ತು 24,550. ಷೆಡ್ಯೂಲಿನ ಅಂಕಿ ಇದಕ್ಕಿಂತ ಎರಡನೆಯ ವರ್ಷ ತಿಂಗಳಿಗೆ 125, ಮೂರನೆಯ ವರ್ಷ 256 ರೂಪಾಯಿ ಹೆಚ್ಚು. ನೋಡಲು ಚಿಲ್ಲರೆಯೇ, ಆದರೆ ಎರಡು ವರ್ಷಕ್ಕೆ 4,572 ರೂಪಾಯಿ. ಇದರಲ್ಲಿ ಮೋಸವೇ ಇರಬೇಕೆಂದಿಲ್ಲ. ಹಳೆಯ ಕರಾರಿನ ಪ್ರತಿಯಲ್ಲಿ ಅಂಕಿ ತಿದ್ದಿ ಹೊಸದು ಮಾಡುವಾಗ ಇಂಥ ಎಡವಟ್ಟು ಸಹಜ.

ಮೂರನೆಯ ವರ್ಷದಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ. ಶೇ. 5 ಯಾವುದರ ಮೇಲೆ? ಹಿಂದಿನ ವರ್ಷದ ಬಾಡಿಗೆಯ ಮೇಲಾದರೆ 22,050, ಮೊದಲ ಬಾಡಿಗೆಯ ಮೇಲೇ ಆದರೆ 22,000. ಕರಾರಿನಲ್ಲಿ ಬರೀ ‘ಪ್ರತಿ ವರ್ಷ ಶೇ. 5’ ಎಂದಿದ್ದರೆ ಎರಡೂ ಅರ್ಥ ಹೊರಡುತ್ತವೆ. ಬಿಟ್ಟುಹೋಗುವಾಗ ಪೇಂಟಿಂಗಿಗೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ರೂಢಿಯಲ್ಲೂ ಇದೇ ತಕರಾರು: ಮೊದಲ ವರ್ಷದ ಬಾಡಿಗೆಯೋ, ಕೊನೆಯದೋ? ಅಂತರ 2,050 ರೂಪಾಯಿ.

ಕೊನೆಗೆ ಒಟ್ಟು ಮೊತ್ತ ತಾಳೆ ನೋಡಬೇಕು. ಮೂರು ವರ್ಷದ ಬಾಡಿಗೆ 7,56,600, ಮೇಂಟೆನೆನ್ಸ್ 36 ತಿಂಗಳಿಗೆ 90,000, ಕೂಡಿದರೆ 8,46,600. ಷೆಡ್ಯೂಲಿನ ಅಂಕಿಗಳನ್ನು ಕೂಡಿದರೆ 8,51,172. ವ್ಯತ್ಯಾಸ ಅದೇ 4,572.

ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಬೇಕು. ನೋಂದಣಿಯಾದ ಮೇಲೆ ಅಂಕಿ ಸರಿಪಡಿಸಲು ಇಬ್ಬರೂ ಒಪ್ಪಿ ತಿದ್ದುಪಡಿ ಪತ್ರ ಮಾಡಿಸಬೇಕಾಗುತ್ತದೆ. ಆದ್ದರಿಂದ ಕರಡು ಕೈಗೆ ಬಂದಾಗಲೇ ‘ಏರಿಕೆ ಹಿಂದಿನ ವರ್ಷದ ಬಾಡಿಗೆಯ ಮೇಲೆ ಮಾತ್ರ, ಮೇಂಟೆನೆನ್ಸಿಗೆ ಅನ್ವಯಿಸದು’ ಎಂಬ ಸಾಲು ಸೇರಿಸಿಕೊಳ್ಳಿ.